ಹನ್ನೆರಡು ಕ್ಲಿಪ್, ಒಬ್ಬಳೇ ಅಜ್ಜಿ: ಎಐ ವಿಡಿಯೊದಲ್ಲಿ ಪಾತ್ರದ ರೂಪ ಉಳಿಸುವ ವಿಧಾನಗಳ ಹೋಲಿಕೆ

ಗಾಂಧಿ ಬಜಾರಿನಲ್ಲಿ ಹೂವು ಮಾರುವ ಒಬ್ಬ ಅಜ್ಜಿಯ ಕಥೆಯನ್ನು ಮಕ್ಕಳಿಗಾಗಿ ಒಂದೂವರೆ ನಿಮಿಷದ ವಿಡಿಯೊ ಮಾಡಲು ಹೊರಟಿದ್ದೆ. ಎಂಟು ಸೆಕೆಂಡಿನ ಹನ್ನೆರಡು ಕ್ಲಿಪ್‌ಗಳು ಬೇಕಿದ್ದವು. ಎಲ್ಲವನ್ನೂ ಎಐ ಸಾಧನದಲ್ಲಿ ತಯಾರಿಸಿ ಜೋಡಿಸಿದ ಮೇಲೆ, ನಾನು ದಿನವೂ ಹೂವು ಕೊಳ್ಳುವ ಬಸವನಗುಡಿಯ ಅಮ್ಮನವರಿಗೆ ಮೊಬೈಲಿನಲ್ಲಿ ತೋರಿಸಿದೆ. ಅವರು ಬಾಳೆನಾರಿನಲ್ಲಿ ಮಲ್ಲಿಗೆ ಕಟ್ಟುವುದನ್ನು ನಿಲ್ಲಿಸದೆಯೇ ನೋಡುತ್ತಿದ್ದರು. ಮೂರನೆಯ ಕ್ಲಿಪ್ ಬರುತ್ತಿದ್ದಂತೆ ಕೈ ನಿಂತಿತು. “ಮೊದಲಿದ್ದ ಅಜ್ಜಿ ಎಲ್ಲಿ ಹೋದಳಪ್ಪ? ಇವಳು ಅವಳ ತಂಗಿಯೇ?” ಎಂದು ಕೇಳಿದರು.

ಬೇರೆಯವಳು ಎಂದು ಹೇಗೆ ಗೊತ್ತಾಯಿತು ಎಂದು ವಿಚಾರಿಸಿದೆ. ಮುಖದ ಮಾತನ್ನು ಅವರು ಎತ್ತಲೇ ಇಲ್ಲ. “ಅವಳ ಸೀರೆಯ ಅಂಚು ದೊಡ್ಡದಿತ್ತು, ಇವಳದು ಸಣ್ಣದು. ಅವಳಿಗೆ ಕನ್ನಡಕ ಇತ್ತು” ಎಂದರು. ಪಾತ್ರದ ವಿವರಣೆಯನ್ನು ಹೇಗೆ ಬರೆಯಬೇಕು ಎಂಬ ಪ್ರಶ್ನೆಗೆ ನನಗೆ ಸಿಕ್ಕ ಅತ್ಯಂತ ಉಪಯುಕ್ತ ಉತ್ತರ ಅದು. ನೋಡುವವರು ಪಾತ್ರವನ್ನು ಗುರುತು ಹಿಡಿಯುವುದು ಮೊದಲು ಬಣ್ಣದಿಂದ, ಆಕಾರದಿಂದ, ತಲೆಯ ಮೇಲಿನ ಒಂದೆರಡು ಗುರುತುಗಳಿಂದ. ಮುಖದ ಸರದಿ ಬರುವುದು ಕ್ಯಾಮೆರಾ ಹತ್ತಿರ ಹೋದಾಗ.

ಈ ಕೆಲಸಕ್ಕೆ ನಮ್ಮ ಮುಂದೆ ಮುಖ್ಯವಾಗಿ ಮೂರು ದಾರಿಗಳಿವೆ. ಪಾತ್ರವನ್ನು ತುಂಬು ವರ್ಣನೆಯಾಗಿ ಬರೆದು, ಎಐಗೆ ಬರೆದುಕೊಡುವ ಸೂಚನೆಯಾದ ಪ್ರತಿ ಪ್ರಾಂಪ್ಟ್‌ನಲ್ಲೂ ಹೊಂದಿಸಿಕೊಳ್ಳುವುದು ಒಂದು. ಕಣ್ಣಿಗೆ ಕಾಣುವ ಕೆಲವೇ ಗುರುತುಗಳ ಚೀಟಿಯೊಂದನ್ನು ಬರೆದು, ಅದನ್ನು ಅಕ್ಷರವೂ ಬದಲಾಗದಂತೆ ಪ್ರತಿ ಸಲ ಅಂಟಿಸುವುದು ಎರಡನೆಯದು. ಆ ಚೀಟಿಯಿಂದಲೇ ಸ್ಥಿರಚಿತ್ರಗಳನ್ನು ಮಾಡಿ, ಅವನ್ನು ಆಧಾರ ಚಿತ್ರಗಳಾಗಿ ಕೊಟ್ಟು ವಿಡಿಯೊ ಮಾಡಿಸುವುದು ಮೂರನೆಯದು. ಮೂರನ್ನೂ ಇದೇ ಅಜ್ಜಿಯ ಮೇಲೆ ಮಾಡಿ ನೋಡಿದ್ದೇನೆ.

ಅಜ್ಜಿ ಬದಲಾಗುವುದು ಏಕೆ

ಪಠ್ಯದಿಂದ ವಿಡಿಯೊ ಮಾಡುವ ಮಾಡೆಲ್‌ಗೆ ಹಿಂದಿನ ಕ್ಲಿಪ್‌ನ ನೆನಪಿರುವುದಿಲ್ಲ. ಪ್ರತಿ ಕ್ಲಿಪ್ ಕೂಡ ಹಳೆಯ ಟಿವಿಯಲ್ಲಿ ಸಿಗ್ನಲ್ ಹೋದಾಗ ಕಾಣುತ್ತಿದ್ದ ಚುಕ್ಕಿಗಳಂಥ ಗೊಂದಲದಿಂದ ಆರಂಭವಾಗುತ್ತದೆ. ಮಾಡೆಲ್ ಅದನ್ನು ಹಂತಹಂತವಾಗಿ ತಿದ್ದುತ್ತ ನಮ್ಮ ಪಠ್ಯಕ್ಕೆ ಹೊಂದುವ ದೃಶ್ಯದ ಕಡೆಗೆ ತರುತ್ತದೆ. “ಎಪ್ಪತ್ತು ವರ್ಷದ ಅಜ್ಜಿ” ಎಂಬ ಮಾತಿಗೆ ಸಾವಿರಾರು ಮುಖಗಳು ಹೊಂದುತ್ತವೆ. ಪ್ರತಿ ಸಲವೂ ಅವುಗಳಲ್ಲಿ ಒಂದು ಬರುತ್ತದೆ, ಅಷ್ಟೆ. ಪಾತ್ರಕ್ಕೆ ಸರೋಜಮ್ಮ ಎಂದು ಹೆಸರಿಟ್ಟ ಮಾತ್ರಕ್ಕೆ ಮುಂದಿನ ಕ್ಲಿಪ್‌ನಲ್ಲಿ ಅದೇ ಸರೋಜಮ್ಮ ಬರುವುದಿಲ್ಲ. ಒಂದೇ ಕ್ಲಿಪ್‌ನೊಳಗೆ ಇಬ್ಬರಿದ್ದಾಗ ಯಾರು ಏನು ಮಾಡಬೇಕು ಎಂದು ಬೇರ್ಪಡಿಸಿ ಹೇಳಲು ಮಾತ್ರ ಹೆಸರು ಅನುಕೂಲ.

ಕೆಲವು ಸಾಧನಗಳಲ್ಲಿ ಸೀಡ್ ಎಂಬ ಸಂಖ್ಯೆಯನ್ನು ನಾವೇ ಕೊಡಬಹುದು. ಆರಂಭದ ಚುಕ್ಕಿಗಳನ್ನು ನಿರ್ಧರಿಸುವುದು ಆ ಸಂಖ್ಯೆ. ಪ್ರಾಂಪ್ಟ್ ಹಾಗೂ ಸೀಡ್ ಎರಡೂ ಒಂದೇ ಆಗಿದ್ದರೆ ಬಹುತೇಕ ಅದೇ ಕ್ಲಿಪ್ ಮತ್ತೆ ಬರುತ್ತದೆ. ಆದರೆ ನಮಗೆ ಬೇಕಾಗಿರುವುದು ಅದೇ ಅಜ್ಜಿ, ಬೇರೆ ಕೆಲಸ. ಕೆಲಸದ ಸಾಲು ಬದಲಾಯಿಸಿದ ಕೂಡಲೇ ಸೀಡ್‌ನ ಹಿಡಿತ ಸಡಿಲವಾಗುತ್ತದೆ. ಆದ್ದರಿಂದ ಅದನ್ನು ನಾಲ್ಕನೆಯ ದಾರಿ ಎಂದು ನಾನು ಎಣಿಸುವುದಿಲ್ಲ.

ಮೊದಲ ದಾರಿ: ತುಂಬು ವರ್ಣನೆ

ನನ್ನ ಮೊದಲ ಪ್ರಯತ್ನ ಹೀಗಿತ್ತು. ಈ ಮಾಡೆಲ್‌ಗಳು ಕಲಿತಿರುವ ವಿವರಣೆಗಳಲ್ಲಿ ಇಂಗ್ಲಿಷಿನವೇ ಹೆಚ್ಚು. ಆದ್ದರಿಂದ ಪ್ರಾಂಪ್ಟ್‌ಗಳನ್ನು ಇಂಗ್ಲಿಷಿನಲ್ಲಿ ಬರೆಯುತ್ತೇನೆ.

```
A kind, graceful old grandmother from Karnataka in a
beautiful maroon Ilkal saree, her wise face full of stories
```

ಓದುವುದಕ್ಕೆ ಚೆನ್ನಾಗಿದೆ. ಆದರೆ ಒಂದೊಂದೇ ಪದವನ್ನು ಹಿಡಿದು, ಇದನ್ನು ಚಿತ್ರಕಾರನೊಬ್ಬ ಬರೆಯಬೇಕಾದರೆ ಏನು ಬರೆಯುತ್ತಾನೆ ಎಂದು ಕೇಳಿಕೊಂಡೆ. ಕರುಣೆ, ವಿವೇಕ, ಕಥೆ ತುಂಬಿದ ಮುಖ ಎಂಬುವಕ್ಕೆ ಗೊತ್ತಾದ ಆಕಾರವಿಲ್ಲ. ಸುಂದರ ಎಂಬ ಪದ ಅಪಾಯಕಾರಿಯೇ ಆಯಿತು. ಅದು ಅಜ್ಜಿಯ ಪ್ರಾಯವನ್ನು ಇಳಿಸಿತು, ಕೇಳದಿದ್ದರೂ ಕೊರಳಿಗೆ ಆಭರಣ ಹಾಕಿತು. ಇಳಕಲ್ ಎಂಬ ಪದವಂತೂ ಪ್ರತಿ ಕ್ಲಿಪ್‌ನಲ್ಲೂ ಒಂದೊಂದು ಸೀರೆಯನ್ನು ತಂದಿತು. ಕೆಂಪು ಸೆರಗು, ಅದರ ಮೇಲಿನ ಬಿಳಿ ತೆನೆಯ ವಿನ್ಯಾಸ ಒಂದರಲ್ಲೂ ಸರಿಯಾಗಿ ಬರಲಿಲ್ಲ. ಒಂದರಲ್ಲಿ ಮದುವೆಯ ಜರಿ ಸೀರೆ, ಇನ್ನೊಂದರಲ್ಲಿ ಹೂವಿನ ಅಚ್ಚಿನ ಸೀರೆ ಬಂದವು.

ನನ್ನ ದೊಡ್ಡ ತಪ್ಪು ಬೇರೆಯೇ ಇತ್ತು. ಪ್ರತಿ ಪ್ರಾಂಪ್ಟನ್ನೂ ಕೂತು ಹೊಸದಾಗಿ ಬರೆದಿದ್ದೆ. ಮೊದಲ ಕ್ಲಿಪ್‌ನಲ್ಲಿ `maroon` ಎಂದಿದ್ದದ್ದು ಮೂರನೆಯದರಲ್ಲಿ `wine-coloured` ಆಗಿತ್ತು, ಏಳನೆಯದರಲ್ಲಿ `dark red`. ಬರೆಯುವಾಗ ಒಂದೇ ಪದವನ್ನು ಮತ್ತೆ ಮತ್ತೆ ಬಳಸಬಾರದು ಎಂದು ಶಾಲೆಯಲ್ಲಿ ಕಲಿತ ಅಭ್ಯಾಸ ಅದು. ಪ್ರಬಂಧಕ್ಕೆ ಒಳ್ಳೆಯದು, ಇಲ್ಲಿ ಮಾರಕ. ನಮಗೆ ಸಮಾನಾರ್ಥಕವಾಗಿ ಕಾಣುವ ಮೂರು ಪದಗಳು ಮಾಡೆಲ್‌ಗೆ ಮೂರು ಸೀರೆಗಳು.

ಒಂದೇ ಒಂದು ಕ್ಲಿಪ್ ಬೇಕಿದ್ದರೆ, ಅಥವಾ ಪಾತ್ರ ಯಾರಾದರೂ ಆಗಬಹುದು ಭಾವ ಮಾತ್ರ ಮುಖ್ಯ ಎಂದಿದ್ದರೆ, ಈ ಬಗೆಯ ವರ್ಣನೆ ಸಾಕು. ಎರಡನೆಯ ಕ್ಲಿಪ್ ಇದೆ ಎಂದಾದರೆ ಬೇಡ.

ಎರಡನೆಯ ದಾರಿ: ಬದಲಾಗದ ಚೀಟಿ

ಇದಕ್ಕೆ ಹೆಚ್ಚು ಜಾಗ ಕೊಡುತ್ತೇನೆ. ಖರ್ಚು ಕಡಿಮೆ, ಯಾವ ಸಾಧನದಲ್ಲಾದರೂ ನಡೆಯುತ್ತದೆ, ಮತ್ತು ಮೂರನೆಯ ದಾರಿಗೂ ಇದೇ ಅಡಿಪಾಯ. ನಾನು ಕೊನೆಗೆ ನಿಲ್ಲಿಸಿದ ಚೀಟಿ ಇದು.

```
HEAD: a thin woman about 70, dark brown skin, white hair in a
small low bun, round black-framed glasses, one large round red
dot in the centre of her forehead
DRESS: plain bottle-green cotton saree with one broad plain
mustard-yellow border, maroon blouse with elbow-length sleeves
```

ಇದರಲ್ಲಿರುವ ಪ್ರತಿಯೊಂದು ಸಂಗತಿಯನ್ನೂ ಕ್ಲಿಪ್ ನಿಲ್ಲಿಸಿ “ಇದೆ” ಅಥವಾ “ಇಲ್ಲ” ಎಂದು ಹೇಳಬಹುದು. ಒಂದು ವಿವರ ಚೀಟಿಗೆ ಸೇರಬೇಕೇ ಬೇಡವೇ ಎಂದು ತೀರ್ಮಾನಿಸಲು ನಾನು ಬಳಸುವುದು ಇದೊಂದೇ ಪರೀಕ್ಷೆ. ತುರುಬು ಎಂದರೆ ಮಾಡೆಲ್‌ಗೆ ತಿಳಿಯದಿರಬಹುದು, ಕತ್ತಿನ ಹತ್ತಿರ ಸಣ್ಣ ಗಂಟು ಎಂದರೆ ತಿಳಿಯುತ್ತದೆ. ಅಚ್ಚು, ಬುಟ್ಟಾ, ಜರಿ ಇರುವ ಸೀರೆ ಪ್ರತಿ ಸಲ ಬೇರೆ ವಿನ್ಯಾಸದಲ್ಲಿ ಬರುತ್ತದೆ. ಅಗಲವಾದ ಒಂದೇ ಬಣ್ಣದ ಅಂಚು ಬಹಳ ಮಟ್ಟಿಗೆ ಹಾಗೆಯೇ ಉಳಿಯುತ್ತದೆ. ನನ್ನ ಕಥೆಯ ಅಜ್ಜಿ ಬಾಗಲಕೋಟೆಯ ಕಡೆಯಿಂದ ಬಂದವಳು, ಅವಳಿಗೆ ಇಳಕಲ್ ಸೀರೆಯೇ ಉಡಿಸಬೇಕೆಂದಿತ್ತು. ಅದನ್ನು ಬಿಟ್ಟುಕೊಟ್ಟದ್ದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಮೂಗುಬೊಟ್ಟನ್ನೂ ಬಿಟ್ಟೆ. ಎಡ ಮೂಗಿಗೆ ಎಂದು ಬರೆದರೂ ಅದು ಒಂದು ಕ್ಲಿಪ್‌ನಲ್ಲಿ ಎಡಕ್ಕೆ, ಮತ್ತೊಂದರಲ್ಲಿ ಬಲಕ್ಕೆ ಬರುತ್ತಿತ್ತು. ಎಡ ಬಲಗಳಲ್ಲಿ ಈ ಮಾಡೆಲ್‌ಗಳು ಆಗಾಗ ಎಡವುತ್ತವೆ. ಹಣೆಯ ನಡುವಿನ ದೊಡ್ಡ ಕುಂಕುಮಕ್ಕೆ ಎಡವೂ ಇಲ್ಲ, ಬಲವೂ ಇಲ್ಲ. ಅದು ದೂರದಿಂದಲೂ ಕಾಣುತ್ತದೆ.

ತಲೆ ಮತ್ತು ಉಡುಗೆಯನ್ನು ಬೇರೆ ಸಾಲುಗಳಾಗಿ ಇಟ್ಟದ್ದಕ್ಕೆ ಕಾರಣವಿದೆ. ಕಥೆಯಲ್ಲಿ ಮರುದಿನ ಬಂದರೆ ಉಡುಗೆಯ ಸಾಲನ್ನಷ್ಟೇ ಬದಲಿಸಬಹುದು, ತಲೆಯ ಸಾಲನ್ನು ಮುಟ್ಟಬೇಕಾಗಿಲ್ಲ. ಕೆಲವರು ಇದನ್ನೇ ಕಂಪ್ಯೂಟರ್ ಕೋಡ್‌ನಂತೆ ಆವರಣ, ಉದ್ಧರಣ ಚಿಹ್ನೆಗಳನ್ನು ಹಾಕಿ ಜೇಸನ್ ರೂಪದಲ್ಲಿ ಬರೆಯುತ್ತಾರೆ. ಮಾಡೆಲ್ ಅದನ್ನೂ ಪಠ್ಯವಾಗಿಯೇ ಓದುತ್ತದೆ. ಲಾಭವಿರುವುದು ಬರೆಯುವವರಿಗೆ: ಯಾವ ಭಾಗ ಸ್ಥಿರ, ಯಾವುದು ಬದಲಾಗುವಂಥದ್ದು ಎಂಬುದು ಕಲಸಿಹೋಗುವುದಿಲ್ಲ. ಸಾದಾ ಸಾಲುಗಳಲ್ಲೂ ಅದೇ ಲಾಭ ಸಿಗುತ್ತದೆ.

ಚೀಟಿಯ ಕೆಳಗೆ ಆಯಾ ಕ್ಲಿಪ್‌ನ ಸಂಗತಿ ಬರುತ್ತದೆ. ಏಳನೆಯ ಕ್ಲಿಪ್‌ನದು ಹೀಗಿತ್ತು.

```
PLACE: a flower market street in Bengaluru, early morning
ACTION: she ties jasmine buds into a string, then looks up
CAMERA: medium shot, eye level, static
LIGHT: soft overcast daylight
```

ಬೆಳಕಿನ ಸಾಲನ್ನು ನಾನು ಆರಂಭದಲ್ಲಿ ಅಲಂಕಾರವೆಂದುಕೊಂಡಿದ್ದೆ. ಅದು ಸೀರೆಯ ಬಣ್ಣವನ್ನೇ ಬದಲಿಸುತ್ತದೆ. ಸಂಜೆಯ ಹೊಂಬಿಸಿಲು ಎಂದು ಬರೆದ ಕ್ಲಿಪ್‌ನಲ್ಲಿ ಬಾಟಲಿ ಹಸಿರು ಕಂದಾಯಿತು, ಸಾಸಿವೆ ಹಳದಿ ಕಿತ್ತಳೆಯಾಯಿತು. ಬೀದಿ ದೀಪದ ಹಳದಿ ಬೆಳಕಿನಲ್ಲಿ ಸೀರೆ ಕಪ್ಪಾಗಿಯೇ ಕಂಡಿತು. ಬೆಳಗ್ಗೆ, ಸಂಜೆ, ರಾತ್ರಿ ಮೂರೂ ಬೇಕಾದ ಕಥೆಯಾದರೆ, ಸೀರೆ ಮತ್ತು ಅಂಚಿನ ನಡುವೆ ತಿಳಿ ಕಡು ವ್ಯತ್ಯಾಸ ಹೆಚ್ಚಿರುವ ಜೋಡಿಯನ್ನು ಆರಿಸಿಕೊಳ್ಳಿ. ಬೆಳಕು ಬಣ್ಣವನ್ನು ತಿರುಚಿದರೂ ಕಡು ಸೀರೆಗೆ ತಿಳಿ ಅಂಚು ಎಂಬ ಗುರುತು ಉಳಿಯುತ್ತದೆ.

ಎರಡನೆಯ ತೊಂದರೆ, ಪಾತ್ರದ ಗುಣಗಳು ಪಕ್ಕದವರಿಗೆ ಸೋರುವುದು. ಒಂಬತ್ತನೆಯ ಕ್ಲಿಪ್‌ನಲ್ಲಿ ಅಜ್ಜಿಯ ಮುಂದೆ ಒಬ್ಬ ಹುಡುಗಿ ಬಂದು ಎರಡು ಮೊಳ ಮಲ್ಲಿಗೆ ಕೇಳಬೇಕು. ಹುಡುಗಿಗೂ ದುಂಡು ಕನ್ನಡಕ ಬಂತು, ಅವಳ ಲಂಗಕ್ಕೂ ಹಳದಿ ಅಂಚು ಬಂತು. ಹುಡುಗಿಯ ಬಗ್ಗೆ ನಾನು ಏನನ್ನೂ ಬರೆದಿರಲಿಲ್ಲ, ಆದ್ದರಿಂದ ಖಾಲಿ ಜಾಗವನ್ನು ಅಜ್ಜಿಯ ವಿವರಗಳೇ ತುಂಬಿದವು. ಅವಳಿಗೂ ಒಂದು ಸಾಲಿನ ಚೀಟಿ ಬರೆದೆ: ಹತ್ತು ವರ್ಷದ ಹುಡುಗಿ, ಎರಡು ಜಡೆ, ಬಿಳಿ ಅಂಗಿ, ನೀಲಿ ಲಂಗ. ಅಜ್ಜಿಯ ಬಣ್ಣಗಳಿಂದ ದೂರವಿರುವ ಬಣ್ಣಗಳನ್ನು ಬೇಕೆಂದೇ ಆರಿಸಿದೆ. ಮರು ಪ್ರಯತ್ನದಲ್ಲಿ ಇಬ್ಬರೂ ಬೇರೆಯಾದರು.

ಹುಡುಗಿಗೆ ಕನ್ನಡಕ ಬೇಡ ಎಂದು ಬರೆದರೆ ಸಾಲದೇ ಎಂದು ಅನ್ನಿಸಬಹುದು. ನಾನೂ ಹಾಗೆ ಬರೆದು ನೋಡಿದೆ. ಪಠ್ಯದಲ್ಲಿ ಕನ್ನಡಕ ಎಂಬ ಪದ ಬಂದರೆ ಸಾಕು, ಅದರ ಹಿಂದಿನ ನಿಷೇಧ ಅನೇಕ ಸಲ ಲೆಕ್ಕಕ್ಕೇ ಬರುವುದಿಲ್ಲ. ಬೇಡವಾದವುಗಳಿಗೆ ಪ್ರತ್ಯೇಕ ಜಾಗವಿರುವ ಸಾಧನವಾದರೆ ಅಲ್ಲಿ ಬರೆಯಿರಿ. ಇಲ್ಲದಿದ್ದರೆ ಬೇಕಾದದ್ದನ್ನು ಮಾತ್ರ ಹೇಳಿ.

ಚೀಟಿ ಎಷ್ಟು ಉದ್ದವಿರಬೇಕು? ನನ್ನದರಲ್ಲಿ ಏಳೆಂಟು ಗುರುತುಗಳಿವೆ. ಒಮ್ಮೆ ಬಳೆ, ಸುಕ್ಕು, ಹುಬ್ಬು, ಚಪ್ಪಲಿ ಎಲ್ಲವನ್ನೂ ಸೇರಿಸಿ ಹದಿನೈದಕ್ಕೆ ಏರಿಸಿದ್ದೆ. ಆಗ ಎರಡು ಬಗೆಯ ನಷ್ಟ ಕಂಡಿತು: ಯಾವ ನಾಲ್ಕು ಗುರುತು ಬಿಟ್ಟುಹೋಗುತ್ತವೆ ಎಂಬುದು ಪ್ರತಿ ಸಲ ಬೇರೆಯಾಗುತ್ತಿತ್ತು, ಮತ್ತು ಕೆಲಸದ ಸಾಲು ದುರ್ಬಲವಾಗಿ ಅಜ್ಜಿ ಹೂವು ಕಟ್ಟುವ ಬದಲು ಸುಮ್ಮನೆ ನಿಂತು ನೋಡುತ್ತಿದ್ದಳು.

ಇನ್ನೊಂದು ಮಾತು. ಕೆಲವು ಸಾಧನಗಳು ನಾವು ಕೊಟ್ಟ ಪ್ರಾಂಪ್ಟನ್ನು ಒಳಗೊಳಗೇ ಹಿಗ್ಗಿಸಿ, ಚಂದಗಾಣಿಸಿ ಮಾಡೆಲ್‌ಗೆ ಕೊಡುತ್ತವೆ. ಹಾಗಾದರೆ ನೀವು ಅಕ್ಷರವೂ ಬದಲಿಸದೆ ಅಂಟಿಸಿದರೂ ಮಾಡೆಲ್‌ಗೆ ತಲುಪುವುದು ಪ್ರತಿ ಸಲ ಬೇರೆ ಪಠ್ಯ. ಸೆಟ್ಟಿಂಗ್‌ನಲ್ಲಿ ಅದನ್ನು ನಿಲ್ಲಿಸುವ ಅವಕಾಶವಿದ್ದರೆ ಮೊದಲು ನಿಲ್ಲಿಸಿ.

ಹನ್ನೆರಡು ಕ್ಲಿಪ್‌ಗಳಿಗೆ ಹಣ ಸುರಿಯುವ ಮೊದಲು ಮೂರನ್ನು ಮಾತ್ರ ಮಾಡಿ ನೋಡಿ. ಸುಲಭದ ಮೂರಲ್ಲ, ಕಷ್ಟದ ಮೂರು: ಅಜ್ಜಿ ಬೆನ್ನು ತಿರುಗಿಸಿ ನಡೆಯುವುದು, ರಾತ್ರಿಯ ದೀಪದಲ್ಲಿ ಕೂರುವುದು, ಇನ್ನೊಬ್ಬರ ಜೊತೆ ಮಾತಾಡುವುದು. ಈ ಮೂರರಲ್ಲೂ ಅವಳು ಅವಳೇ ಆಗಿ ಕಂಡರೆ ಚೀಟಿಗೆ ಬೀಗ ಹಾಕಿ. ನನ್ನದು ಮೂರನೆಯ ಆವೃತ್ತಿಯಲ್ಲಿ ನಿಂತಿತು. ಆಮೇಲೆ ಒಂದು ಪದ ತಿದ್ದಿದರೂ ಹಿಂದಿನ ಕ್ಲಿಪ್‌ಗಳನ್ನೆಲ್ಲ ಮತ್ತೆ ಮಾಡಬೇಕಾಗುತ್ತದೆ. ಕಥೆಯ ನಡುವೆ ಮಾಡೆಲ್‌ನ ಹೊಸ ಆವೃತ್ತಿ ಬಂದರೂ ಅದೇ ಗತಿ. ಹಿಡಿದ ಕಥೆಯನ್ನು ಹಳೆಯದರಲ್ಲೇ ಮುಗಿಸಿ.

ಮೂರನೆಯ ದಾರಿ: ಚೀಟಿಯ ಜೊತೆ ಆಧಾರ ಚಿತ್ರ

ಚೀಟಿ ಎಷ್ಟೇ ಬಿಗಿಯಾಗಿದ್ದರೂ ಮುಖವನ್ನು ಕಟ್ಟಿಹಾಕುವುದಿಲ್ಲ. ಮೂಗಿನ ಉದ್ದ, ಕೆನ್ನೆಯ ಏರು, ಕಣ್ಣುಗಳ ನಡುವಿನ ಅಂತರವನ್ನು ಪದಗಳಲ್ಲಿ ಹೇಳಿ ಒಂದೇ ಮುಖವನ್ನು ಎರಡು ಸಲ ಪಡೆಯಲಾಗದು. ಕಥೆಯ ಕೊನೆಯಲ್ಲಿ ಅಜ್ಜಿಯ ಮುಖವೇ ಪರದೆ ತುಂಬಬೇಕಿತ್ತು. ಅಲ್ಲಿ ಚೀಟಿಯಿಂದ ಬಂದವಳು ಬೇರೆ ಯಾರೋ ಆಗಿದ್ದಳು. ಆಗ ಚಿತ್ರ ಬೇಕಾಯಿತು.

ಈಗಿನ ಅನೇಕ ಸಾಧನಗಳು ಚಿತ್ರವನ್ನು ಎರಡು ರೀತಿಯಲ್ಲಿ ತೆಗೆದುಕೊಳ್ಳುತ್ತವೆ. ಕ್ಲಿಪ್‌ನ ಮೊದಲ ಫ್ರೇಮ್ ಆಗಿ ಕೊಟ್ಟರೆ ವಿಡಿಯೊ ಅಲ್ಲಿಂದಲೇ ಚಲಿಸತೊಡಗುತ್ತದೆ. ಆಧಾರವಾಗಿ ಕೊಟ್ಟರೆ ಮಾಡೆಲ್ ಅದರಿಂದ ಪಾತ್ರವನ್ನಷ್ಟೇ ತೆಗೆದುಕೊಂಡು ಬೇರೆ ದೃಶ್ಯದಲ್ಲಿ ಇರಿಸುತ್ತದೆ. 2025ರಲ್ಲಿ ಬಂದ ರನ್‌ವೇ ಕಂಪನಿಯ ಜೆನ್-4 ವಿಡಿಯೊ ಮಾಡೆಲ್‌ನಲ್ಲಿ ಈ ಎರಡನೆಯ ಸೌಲಭ್ಯಕ್ಕೇ ಒತ್ತು ಕೊಡಲಾಗಿತ್ತು. ಮೊದಲ ಫ್ರೇಮ್ ಕೊಟ್ಟಾಗ ಸೀರೆ, ಮುಖ, ಬೆಳಕು ಎಲ್ಲವೂ ನಮ್ಮ ಹಿಡಿತದಲ್ಲಿರುತ್ತವೆ, ಆದರೆ ಪ್ರತಿ ಕ್ಲಿಪ್‌ಗೂ ಒಂದೊಂದು ಸ್ಥಿರಚಿತ್ರ ತಯಾರಿಸುವ ಶ್ರಮವಿದೆ. ಆಧಾರ ಚಿತ್ರದಲ್ಲಿ ಶ್ರಮ ಕಡಿಮೆ, ಹಿಡಿತವೂ ಸ್ವಲ್ಪ ಕಡಿಮೆ.

ನಾನು ಮಾಡಿದ್ದು ಇಷ್ಟು. ಅದೇ ಚೀಟಿಯನ್ನು ಚಿತ್ರ ತಯಾರಿಸುವ ಸಾಧನಕ್ಕೆ ಕೊಟ್ಟು, ಬೂದು ಹಿನ್ನೆಲೆಯಲ್ಲಿ ಅಜ್ಜಿಯ ಒಂದು ಚಿತ್ರ ಪಡೆದೆ. ಅದನ್ನೇ ಆಧಾರವಾಗಿಟ್ಟು ಎದುರಿನಿಂದ, ಓರೆಯಿಂದ, ಪಕ್ಕದಿಂದ, ಹಿಂದಿನಿಂದ ಕಾಣುವ ನಾಲ್ಕು ಚಿತ್ರಗಳನ್ನು ಮಾಡಿಸಿದೆ. ಹಿಂದಿನ ಚಿತ್ರ ಅನಗತ್ಯವೆಂದು ತೋರಬಹುದು. ಒಂದೇ ಎದುರಿನ ಚಿತ್ರ ಕೊಟ್ಟಿದ್ದಾಗ ಅಜ್ಜಿ ಬುಟ್ಟಿ ಎತ್ತಲು ತಿರುಗಿ, ಮತ್ತೆ ಈ ಕಡೆ ನೋಡುವಷ್ಟರಲ್ಲಿ ಮುಖ ಬದಲಾಗಿರುತ್ತಿತ್ತು. ಮಾಡೆಲ್ ನೋಡದ ಬದಿಯನ್ನು ಊಹಿಸುತ್ತದೆ, ಊಹೆಯಿಂದ ಹಿಂದಿರುಗುವಾಗ ಮೂಲಕ್ಕೆ ಮರಳಲೇಬೇಕೆಂದಿಲ್ಲ.

ಚಿತ್ರ ಕೊಟ್ಟ ಮೇಲೆ ಪಠ್ಯದ ಕೆಲಸ ಬದಲಾಗುತ್ತದೆ. ಪಾತ್ರವನ್ನು ಇಡಿಯಾಗಿ ಮತ್ತೆ ವರ್ಣಿಸಬೇಕಿಲ್ಲ. ಚಿತ್ರದಲ್ಲಿರುವುದಕ್ಕೂ ಬರೆದದ್ದಕ್ಕೂ ಚೂರು ಹೊಂದದಿದ್ದರೂ ಎರಡೂ ಜಗ್ಗಾಡುತ್ತವೆ: ಚಿತ್ರದಲ್ಲಿ ತೋಳು ಮೊಳಕೈವರೆಗೆ ಇದ್ದು ಪಠ್ಯದಲ್ಲಿ ಗಿಡ್ಡ ತೋಳು ಎಂದಿದ್ದರೆ, ಎಂಟು ಸೆಕೆಂಡಿನೊಳಗೆ ತೋಳು ಕುಗ್ಗುವುದನ್ನು ಕಣ್ಣಾರೆ ನೋಡಬಹುದು. ಹಸಿರು ಸೀರೆಯ ಅಜ್ಜಿ ಎಂದಷ್ಟೇ ಹೇಳಿ, ಉಳಿದ ಸಾಲುಗಳನ್ನು ಕೆಲಸಕ್ಕೂ ಕ್ಯಾಮೆರಾಕ್ಕೂ ಬಿಟ್ಟೆ.

ಒಂದು ಅಡ್ಡದಾರಿಯ ಬಗ್ಗೆ ಎಚ್ಚರಿಸಬೇಕು. ಒಂದು ಕ್ಲಿಪ್‌ನ ಕೊನೆಯ ಫ್ರೇಮನ್ನೇ ಮುಂದಿನದಕ್ಕೆ ಮೊದಲ ಫ್ರೇಮ್ ಆಗಿ ಕೊಡುತ್ತ ಹೋಗುವುದು ಸುಲಭ. ಎರಡು ಕ್ಲಿಪ್‌ಗಳ ಮಟ್ಟಿಗೆ ಚೆನ್ನಾಗಿಯೂ ನಡೆಯುತ್ತದೆ. ಆದರೆ ಪ್ರತಿ ದಾಟುವಿಕೆಯಲ್ಲೂ ಚೂರು ಚೂರು ವಿವರ ಕಳೆದುಹೋಗುತ್ತದೆ. ನನ್ನ ಸರಣಿಯಲ್ಲಿ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಅಜ್ಜಿಯ ಸುಕ್ಕುಗಳು ಮಾಯವಾಗಿ ಚರ್ಮ ಮೇಣದಂತಾಗಿತ್ತು, ಸೀರೆಯ ಹಸಿರು ಬಣ್ಣ ಕಣ್ಣು ಕುಕ್ಕುವಂತಿತ್ತು. ಪ್ರತಿ ಸಲವೂ ಮೂಲ ಚಿತ್ರಕ್ಕೇ ಹಿಂದಿರುಗಿ.

ಹೂವಿನ ಅಮ್ಮನವರ ಫೋಟೊವನ್ನೇ ಆಧಾರವಾಗಿ ಕೊಡಬಹುದಿತ್ತಲ್ಲ ಎಂದು ಸ್ನೇಹಿತರೊಬ್ಬರು ಕೇಳಿದರು. ಅವರ ಮುಖ ಅವರದು. ಅವರಿಗೆ ಅರ್ಥವಾಗುವಂತೆ ವಿವರಿಸಿ ಒಪ್ಪಿಗೆ ಪಡೆಯದೆ ಅದನ್ನು ಇಂಥ ಸಾಧನಕ್ಕೆ ಹಾಕುವುದು ನನ್ನಿಂದಾಗದು.

ಸರಿಯಾಗಿದೆಯೇ ಎಂದು ನೋಡುವುದು ಹೇಗೆ

ಕ್ಲಿಪ್‌ಗಳನ್ನು ಒಂದಾದ ಮೇಲೊಂದು ನೋಡಿದರೆ ಕಣ್ಣು ಮೋಸ ಹೋಗುತ್ತದೆ. ಪ್ರತಿಯೊಂದರಿಂದ ಒಂದು ಫ್ರೇಮ್ ತೆಗೆದು ಪಕ್ಕಪಕ್ಕದಲ್ಲಿ ಇಡಬೇಕು. ನಾಲ್ಕನೆಯ ಸೆಕೆಂಡಿನ ಫ್ರೇಮ್ ತೆಗೆಯಲು ffmpeg ಎಂಬ ಉಚಿತ ತಂತ್ರಾಂಶದ ಈ ಆಜ್ಞೆ ಸಾಕು.

```
ffmpeg -ss 4 -i clip07.mp4 -frames:v 1 k07.png
```

ಹನ್ನೆರಡನ್ನೂ ಒಂದೇ ಹಾಳೆಯಲ್ಲಿ ಹೆಬ್ಬೆರಳಿನಷ್ಟು ಚಿಕ್ಕದಾಗಿ ಜೋಡಿಸಿ ಮೊದಲು ದೂರದಿಂದ ನೋಡಿ. ಯಾವುದಾದರೂ ಒಂದು ಎದ್ದು ಕಂಡರೆ ಬಣ್ಣ ಅಥವಾ ಆಕಾರ ತಪ್ಪಿದೆ ಎಂದರ್ಥ. ಆಮೇಲೆ ದೊಡ್ಡದು ಮಾಡಿ ಚೀಟಿಯ ಗುರುತುಗಳನ್ನು ಒಂದೊಂದಾಗಿ ಪರಿಶೀಲಿಸಿ. ಒಂದೇ ಗುರುತು ಹಲವು ಕ್ಲಿಪ್‌ಗಳಲ್ಲಿ ತಪ್ಪಿದ್ದರೆ ಚೀಟಿಯ ಪದವೇ ಸರಿಯಿಲ್ಲ. ಒಂದರಲ್ಲಿ ಮಾತ್ರ ತಪ್ಪಿದ್ದರೆ ಆ ಕ್ಲಿಪ್‌ನ ಬೆಳಕನ್ನೋ ಪಕ್ಕದ ಪಾತ್ರವನ್ನೋ ನೋಡಿ, ಅಲ್ಲೂ ದೋಷ ಕಾಣದಿದ್ದರೆ ಅದನ್ನಷ್ಟೇ ಮತ್ತೆ ಮಾಡಿಸಿ.

ಯಾವುದನ್ನು ಆರಿಸಬೇಕು

ಕ್ಯಾಮೆರಾ ಪಾತ್ರದಿಂದ ಎಷ್ಟು ದೂರ ನಿಲ್ಲುತ್ತದೆ ಎಂಬುದನ್ನು ಮೊದಲು ಬರೆದುಕೊಳ್ಳಿ. ಇಡೀ ದೇಹ ಅಥವಾ ಸೊಂಟದ ಮೇಲಿನ ಭಾಗ ಕಾಣುವ ದೃಶ್ಯಗಳೇ ಹೆಚ್ಚಿದ್ದರೆ ಚೀಟಿಯೊಂದೇ ಸಾಕಾಗುತ್ತದೆ. ಮುಖ ಪರದೆ ತುಂಬುವ ದೃಶ್ಯ ಒಂದೇ ಇದ್ದರೂ ಅದಕ್ಕೆ ಚಿತ್ರ ಬೇಕು. ಆ ಚಿತ್ರ ಅದೇ ಚೀಟಿಯಿಂದಲೇ ಹುಟ್ಟಿರಬೇಕು, ಇಲ್ಲದಿದ್ದರೆ ದೂರದ ಅಜ್ಜಿ ಮತ್ತು ಹತ್ತಿರದ ಅಜ್ಜಿ ಬೇರೆ ಬೇರೆಯಾಗುತ್ತಾರೆ.

ಒಂದೇ ಪಾತ್ರವನ್ನು ತಿಂಗಳುಗಟ್ಟಲೆ ಬಳಸುವವರಿಗೆ ಲೋರಾ ಎಂಬ ಇನ್ನೊಂದು ವಿಧಾನವಿದೆ. ಪಾತ್ರದ ಹತ್ತಾರು ಚಿತ್ರಗಳನ್ನು ತೋರಿಸಿ, ಮುಕ್ತವಾಗಿ ಸಿಗುವ ಮಾಡೆಲ್ ಒಂದಕ್ಕೆ ಆ ಪಾತ್ರವನ್ನೇ ಕಲಿಸುವುದು ಅದು. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್ ಬೇಕು ಅಥವಾ ಬಾಡಿಗೆಗೆ ತೆಗೆದುಕೊಳ್ಳಬೇಕು. ಹನ್ನೆರಡು ಕ್ಲಿಪ್‌ಗಳ ಕಥೆಗೆ ಅಷ್ಟು ಬೇಕಿಲ್ಲ.

ನನ್ನ ಕಥೆಯಲ್ಲಿ ಹತ್ತು ಕ್ಲಿಪ್‌ಗಳು ಚೀಟಿಯಿಂದ, ಕೊನೆಯ ಎರಡು ಹತ್ತಿರದ ದೃಶ್ಯಗಳು ಚಿತ್ರದಿಂದ ಬಂದವು. ಹೊಸದನ್ನು ಮತ್ತೆ ಬಸವನಗುಡಿಗೆ ಒಯ್ದು ತೋರಿಸಿದೆ. ಅಮ್ಮನವರು ಕೊನೆಯವರೆಗೂ ನೋಡಿ, “ಈಗ ಒಬ್ಬಳೇ ಇದ್ದಾಳೆ. ಆದರೆ ಹೂವು ಕಟ್ಟುವ ಕೈ ಇದಲ್ಲ, ನಾರನ್ನು ಹೀಗೆ ಸುತ್ತುತ್ತಾರೆಯೇ?” ಎಂದು ತಮ್ಮ ಬೆರಳುಗಳನ್ನು ತೋರಿಸಿದರು. ಅವರು ಹೇಳಿದ್ದು ನಿಜ, ಕ್ಲಿಪ್‌ನಲ್ಲಿ ನಾರು ಮೊಗ್ಗಿನೊಳಗೆ ಕರಗಿಹೋಗುತ್ತಿತ್ತು. ಅದಕ್ಕೆ ಯಾವ ಚೀಟಿಯೂ ಇಲ್ಲ. ಆ ದೃಶ್ಯವನ್ನು ಅಜ್ಜಿ ಕಟ್ಟಿದ ಮಾಲೆಯನ್ನು ಬುಟ್ಟಿಯಲ್ಲಿ ಇಡುವಂತೆ ಬದಲಿಸಿದೆ. ಮುಂದಿನ ಕಥೆ ಕಡಲೆಕಾಯಿ ಪರಿಷೆಯದು. ಅದಕ್ಕೆ ಆರಂಭದಿಂದಲೇ ಆಧಾರ ಚಿತ್ರದ ದಾರಿ ಹಿಡಿಯುತ್ತಿದ್ದೇನೆ. ನಮ್ಮ ಮನೆಯ ಇಳಕಲ್ ಸೀರೆಯನ್ನು ಹಾಸಿ, ಸೆರಗಿನ ತೆನೆ ಕಾಣುವಂತೆ ಹಗಲು ಬೆಳಕಿನಲ್ಲಿ ಫೋಟೊ ತೆಗೆದಿಟ್ಟಿದ್ದೇನೆ.